ಹೆಚ್ಚಾದ ಹಾಲು: ಮೊದಲು ಮೊಸರು, ಉಳಿದರೆ ತುಪ್ಪ, ಕೇಳಿದರೆ ಪನೀರ್

ಡೈರಿಗೆ ಹಾಕಿ ಉಳಿದ ಹಾಲನ್ನು ತುಪ್ಪ ಮಾಡಿದರೆ ಒಳ್ಳೆಯ ಹಣ ಬರುತ್ತದೆ ಎಂದು ನಮ್ಮ ಕಡೆ ತುಂಬ ಜನ ಎಣಿಸಿದ್ದಾರೆ. ಒಂದು ಕೆಜಿ ಊರಿನ ತುಪ್ಪದ ಬೆಲೆ ಕೇಳಿದರೆ ಯಾರಿಗಾದರೂ ಹಾಗೆಯೇ ಅನಿಸೀತು. ಆದರೆ ಒಂದು ಕೆಜಿ ತುಪ್ಪದ ಹಿಂದೆ ಎಷ್ಟು ಲೀಟರ್ ಹಾಲು ಹೋಗಿದೆ ಎಂದು ಲೆಕ್ಕ ಹಾಕಿದವರು ಕಡಿಮೆ. ಉಡುಪಿ, ಮಂಗಳೂರು ಕಡೆ ಎರಡು ಮೂರು ಮಿಶ್ರತಳಿ ದನಗಳಿರುವ ಮನೆಗೆ ಮೂರನ್ನೂ ಹೇಗೆ ಮಾಡುವುದು, ಅದಕ್ಕಿಂತ ಮುಖ್ಯವಾಗಿ ಯಾವುದನ್ನು ಯಾವಾಗ ಮಾಡುವುದು ಎಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ

ಸಂಜೆಯ 10 ಲೀಟರ್ ಹಾಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಫ್ಯಾಟ್ 4 ಇದೆ. ಡೈರಿಯಲ್ಲಿ ಲೀಟರಿಗೆ 37 ರೂಪಾಯಿ, ಜೊತೆಗೆ ಸರ್ಕಾರದ ಪ್ರೋತ್ಸಾಹಧನ 5 ರೂಪಾಯಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿಗೆ 420 ರೂಪಾಯಿ. ದರಗಳು ಲೆಕ್ಕಕ್ಕೆ ಹಿಡಿದವು. ನಿಮ್ಮ ಪಾಸ್‌ಬುಕ್ಕಿನ ಅಂಕಿಗಳನ್ನು ಹಾಕಿಕೊಂಡು ಇದೇ ದಾರಿಯಲ್ಲಿ ಹೋದರೆ ಸಾಕು. ಪ್ರೋತ್ಸಾಹಧನವನ್ನು ಮಾತ್ರ ಲೆಕ್ಕದಿಂದ ಬಿಡಬೇಡಿ. ಡೈರಿಗೆ ಹಾಕದ ಹಾಲಿಗೆ ಅದು ಬರುವುದಿಲ್ಲ.

ಈಗ ಅಷ್ಟೂ ಹಾಲನ್ನು ತುಪ್ಪ ಮಾಡಿದೆವು ಎನ್ನೋಣ. 10 ಲೀಟರಿನಲ್ಲಿ ಸುಮಾರು 400 ಗ್ರಾಂ ಕೊಬ್ಬು ಇರುತ್ತದೆ. ಮೊಸರು ಕಡೆದು ಬೆಣ್ಣೆ ತೆಗೆಯುವಾಗ ಸ್ವಲ್ಪ ಮಜ್ಜಿಗೆಯಲ್ಲಿ ಉಳಿಯುತ್ತದೆ, ಸ್ವಲ್ಪ ಕಾಯಿಸುವಾಗ ಗಸಿಯ ಜೊತೆ ಹೋಗುತ್ತದೆ. ಕೈಗೆ ಬರುವುದು ಸುಮಾರು 340 ಗ್ರಾಂ. ಕೆಜಿಗೆ 900 ರೂಪಾಯಿ ಸಿಕ್ಕಿದರೂ 306 ರೂಪಾಯಿ ಆಯಿತು. ಗ್ಯಾಸಿಗೆ 40 ಹೋಗುತ್ತದೆ. ಮಜ್ಜಿಗೆ ಒಂದು ಲೋಟವೂ ಮಾರಾಟವಾಗದಿದ್ದರೆ, ಡೈರಿಯ 420ಕ್ಕೆ ಸಮ ಆಗಲು ತುಪ್ಪಕ್ಕೆ ಕೆಜಿಗೆ ಸುಮಾರು 1,350 ರೂಪಾಯಿ ಸಿಗಬೇಕು. 6 ಲೀಟರ್ ಮಜ್ಜಿಗೆ 20 ರೂಪಾಯಿಯಂತೆ ಹೋದರೆ 1,000 ಸಾಕು. ಅಂದರೆ ಡೈರಿಯವರು ಪೂರ್ತಿ ದರ ಕೊಟ್ಟು ತೆಗೆದುಕೊಳ್ಳುವ ಹಾಲನ್ನು ತುಪ್ಪ ಮಾಡುವುದು ಹೆಚ್ಚಿನ ಮನೆಗಳಿಗೆ ನಷ್ಟದ ಕೆಲಸ.

ಅದೇ 10 ಲೀಟರಿಗೆ ಹೆಪ್ಪು ಹಾಕಿದರೆ ಸುಮಾರು 9.7 ಕೆಜಿ ಮೊಸರು ಸಿಗುತ್ತದೆ. ಕೆಜಿಗೆ 60 ರೂಪಾಯಿಯಂತೆ ಬರೀ 7 ಕೆಜಿ ಮಾರಿದರೂ ಡೈರಿಯ 420 ರೂಪಾಯಿ ಬಂತು. ಉಳಿದ 2.7 ಕೆಜಿ ಮೊಸರಿನಿಂದ 90 ಗ್ರಾಂ ತುಪ್ಪ ಆಗುತ್ತದೆ, ಅದಕ್ಕೆ 81 ರೂಪಾಯಿ. ಒಂದೆರಡು ಲೀಟರ್ ಮಜ್ಜಿಗೆ ಮಾರಿದರೆ ಇನ್ನೊಂದು 25. ಗ್ಯಾಸು ಮತ್ತು ಡಬ್ಬಿಗೆ 55 ಕಳೆಯಿರಿ. ಉಳಿದದ್ದು 471, ಡೈರಿಗಿಂತ ದಿನಕ್ಕೆ 50 ರೂಪಾಯಿ ಹೆಚ್ಚು, ತಿಂಗಳಿಗೆ 1,500. ಇದರಲ್ಲಿ ಮನೆಯವರ ದುಡಿಮೆಯ ಕೂಲಿ ಹಿಡಿದಿಲ್ಲ.

ಅಷ್ಟೇಯಾ ಎಂದು ನೀವು ಕೇಳಬಹುದು. ಪೂರ್ತಿ ದರ ಸಿಗುವ ಹಾಲಿಗೆ ಅಷ್ಟೇ. ನಿಜವಾದ ಲಾಭ ಇರುವುದು ಪೂರ್ತಿ ದರ ಸಿಗದ ಹಾಲಿನಲ್ಲಿ. ಎಸ್‌ಎನ್‌ಎಫ್, ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ, 8.5 ಬರಲಿಲ್ಲವೆಂದು ದರ ಕಡಿತವಾಗಿ ಅದೇ 10 ಲೀಟರಿಗೆ 350 ರೂಪಾಯಿ ಬಂದ ದಿನ, ಮನೆಯಲ್ಲೇ ಮೊಸರು ಮಾಡಿದವರಿಗೆ 120 ರೂಪಾಯಿ ಹೆಚ್ಚು ಸಿಗುತ್ತದೆ. ಹೊಳೆ ತುಂಬಿ ಡೈರಿಗೆ ಹೋಗಲಾಗದ ದಿನ, ಸಂಜೆಯ ಕರಾವು ತಡವಾಗಿ ಹೊತ್ತು ಮೀರಿದ ದಿನ, ಆ 471 ರೂಪಾಯಿಯೂ ಉಳಿತಾಯವೇ. ಹಾಗಾಗಿ ಎಲ್ಲ ಹಾಲನ್ನೂ ಡೈರಿಯಿಂದ ಬಿಡಿಸಿ ಮನೆಗೆ ತರಬೇಡಿ. ಬೆಳಗಿನ ಹಾಲು ಡೈರಿಗೆ ಹೋಗಲಿ. ಸದಸ್ಯತ್ವದ ಹಕ್ಕು ಉಳಿಯಲು ವರ್ಷಕ್ಕೆ ಎಷ್ಟು ದಿನ, ಎಷ್ಟು ಲೀಟರ್ ಹಾಕಿರಬೇಕೆಂದು ಕಾರ್ಯದರ್ಶಿಯವರಲ್ಲಿ ಕೇಳಿ ತಿಳಿದುಕೊಳ್ಳಿ. ಸಂಜೆಯ ಹಾಲನ್ನು ಮನೆಗೆ ಇಟ್ಟುಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಬೆಳಗ್ಗೆಯಿಂದ ಸಂಜೆಗೆ ಕರೆಯುವ ಅಂತರ ಕಡಿಮೆ ಇರುವುದರಿಂದ ಹಾಲು ಸ್ವಲ್ಪ ಕಡಿಮೆ, ಫ್ಯಾಟ್ ಸ್ವಲ್ಪ ಹೆಚ್ಚು. ಮೊಸರಿಗೂ ಪನೀರಿಗೂ ಅದೇ ಬೇಕಾದದ್ದು.

ಮೊಸರು

ಕರೆದ ಹಾಲನ್ನು ಬಟ್ಟೆಯಲ್ಲಿ ಸೋಸಿ, ಆದಷ್ಟು ಬೇಗ ಒಲೆಗೇರಿಸಿ. ನಮ್ಮ ಸೆಕೆಗೆ ಹಸಿ ಹಾಲು ಎರಡು ಮೂರು ಗಂಟೆ ಹೊರಗಿದ್ದರೂ ಅದರ ಹುಳಿ ಏರಲು ಶುರುವಾಗುತ್ತದೆ. ಸ್ಟೀಲಿನ ದಪ್ಪ ತಳದ ಪಾತ್ರೆ ಬೇಕು. ತಾಮ್ರ, ಹಿತ್ತಾಳೆ ಬೇಡ. ಗೋಬರ್ ಗ್ಯಾಸ್ ಇರುವ ಮನೆಗೆ ಇಂಧನದ ಖರ್ಚು ಹೆಚ್ಚುಕಡಿಮೆ ಇಲ್ಲ, ಮೇಲಿನ ಲೆಕ್ಕದ ಲಾಭ ಅಲ್ಲೇ ದೊಡ್ಡದಾಗುತ್ತದೆ. ಮಡಲು, ತೆಂಗಿನ ಸಿಪ್ಪೆ ಉರಿಸುವವರು ಮುಚ್ಚಳ ಹಾಕಿಯೇ ಕಾಯಿಸಬೇಕು. ಹಾಲು ಹೊಗೆಯ ವಾಸನೆಯನ್ನು ಎಳೆದುಕೊಂಡರೆ ಮೊಸರಿನಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ, ಪೇಟೆಯ ಗಿರಾಕಿ ಎರಡನೇ ಸಲ ಬರುವುದಿಲ್ಲ.

ಉಕ್ಕಿದ ಮೇಲೆ ಉರಿ ಸಣ್ಣ ಮಾಡಿ ಹತ್ತು ನಿಮಿಷ ಬಿಡಿ. ಎಸ್‌ಎನ್‌ಎಫ್ ಕಡಿಮೆ ಇರುವ ಹಾಲಾದರೆ ಇಲ್ಲಿಯೇ ಅದನ್ನು ಸರಿಮಾಡಬಹುದು. ಸಣ್ಣ ಉರಿಯಲ್ಲಿ ಕದಡುತ್ತ 10 ಲೀಟರ್ 9 ಆಗುವವರೆಗೆ ಬತ್ತಿಸಿದರೆ, 8.2 ಇದ್ದ ಎಸ್‌ಎನ್‌ಎಫ್ 9ರ ಮೇಲೆ ಹೋಗುತ್ತದೆ. ಮೊಸರು ಅರ್ಧ ಕೆಜಿಯಷ್ಟು ಕಡಿಮೆಯಾದರೂ ಗಟ್ಟಿ ನಿಲ್ಲುತ್ತದೆ. ಡೈರಿಯಲ್ಲಿ ಕಡಿತವಾದ ಹಾಲು ಮೊಸರಾಗಿ ಒಳ್ಳೆಯ ಬೆಲೆಗೆ ಹೋಗುವುದು ಹೀಗೆ.

ಇನ್ನು ತಣಿಸುವುದು. ಪಾತ್ರೆಯನ್ನು ತಣ್ಣೀರಿನ ದೊಡ್ಡ ಬಾನಿಯಲ್ಲಿ ಇಟ್ಟು ಬೇಗ ತಣಿಸಿ. ಅಡುಗೆಯ ಡಿಜಿಟಲ್ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಬೆರಳ ಅಂದಾಜು ಮನೆಯ ಮೊಸರಿಗೆ ಸಾಕು, ದಿನಾ ಒಂದೇ ರುಚಿ ಕೊಡಬೇಕಾದ ಮಾರಾಟದ ಮೊಸರಿಗೆ ಸಾಲದು. ಮಾರ್ಚಿನಿಂದ ಮೇ ವರೆಗೆ 37-38 ಡಿಗ್ರಿಗೆ ಇಳಿದಾಗ ಲೀಟರಿಗೆ 10 ಗ್ರಾಂ ಹೆಪ್ಪು, ಅಂದರೆ ಎರಡು ಸಣ್ಣ ಚಮಚ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ 42 ಡಿಗ್ರಿಯಲ್ಲಿ ಲೀಟರಿಗೆ 20 ಗ್ರಾಂ. ಹೆಪ್ಪನ್ನು ಸ್ವಲ್ಪ ಹಾಲಿನಲ್ಲಿ ಕದಡಿ ನಯಮಾಡಿ ಬೆರೆಸಿ, ಆ ಕೂಡಲೇ ಮಾರುವ ಡಬ್ಬಿಗಳಿಗೇ ಎರೆಯಿರಿ. ದೊಡ್ಡ ಪಾತ್ರೆಯಲ್ಲಿ ಹೆಪ್ಪು ಹಾಕಿ ಮರುದಿನ ಸೌಟಿನಲ್ಲಿ ತೋಡಿ ಡಬ್ಬಿಗೆ ಹಾಕಿದರೆ ಮೊಸರು ಒಡೆದು ನೀರು ಬಿಡುತ್ತದೆ. ಮಳೆಗಾಲದಲ್ಲಿ ಡಬ್ಬಿಗಳನ್ನು ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ ಸಮವಾಗಿ ಕಟ್ಟುತ್ತದೆ.

ಬೇಸಗೆಯಲ್ಲಿ ನಾಲ್ಕೈದು ಗಂಟೆ, ಮಳೆಯಲ್ಲಿ ಆರೆಂಟು ಗಂಟೆ ಸಾಕು. ಡಬ್ಬಿ ವಾಲಿಸಿದಾಗ ಮೊಸರು ಅಂಚಿನಿಂದ ಒಟ್ಟಿಗೇ ಬಿಟ್ಟುಕೊಂಡರೆ ಆಯಿತು, ತಕ್ಷಣ ಫ್ರಿಜ್ಜಿಗೆ. ಇಡೀ ರಾತ್ರಿ ಹೊರಗೆ ಬಿಡುವ ಅಭ್ಯಾಸವೇ ನಮ್ಮ ಕಡೆ ಮೊಸರು ಮಧ್ಯಾಹ್ನಕ್ಕೆ ಹುಳಿಯಾಗಲು ಕಾರಣ. ಸಂಜೆ ಆರಕ್ಕೆ ಹೆಪ್ಪು ಹಾಕಿದವರು ಬೇಸಗೆಯಲ್ಲಿ ರಾತ್ರಿ ಹನ್ನೊಂದರ ಒಳಗೆ ಫ್ರಿಜ್ಜಿಗೆ ಇಡಲೇಬೇಕು. ಹಾಗೆ ಇಟ್ಟದ್ದು ಮೂರು ನಾಲ್ಕು ದಿನ ಸಿಹಿಯಾಗಿ ಉಳಿಯುತ್ತದೆ. ಮರುದಿನದ ಹೆಪ್ಪಿಗೆ ಮಾರಾಟದ ಡಬ್ಬಿಯನ್ನು ಬಿಚ್ಚಬೇಡಿ, ಸಣ್ಣ ಸ್ಟೀಲ್ ಬಟ್ಟಲಿನಲ್ಲಿ ಬೇರೆಯೇ ಇಡಿ.

ಮೊಸರು ಕೆಟ್ಟರೆ ಏಕೆ ಕೆಟ್ಟಿತೆಂದು ಅದನ್ನು ನೋಡಿಯೇ ಹೇಳಬಹುದು. ಮೇಲೆಲ್ಲ ಸಣ್ಣ ತೂತು, ಗುಳ್ಳೆ ಕಂಡರೆ ಪಾತ್ರೆಯೋ ಬಟ್ಟೆಯೋ ಕೊಳಕು, ಗ್ಯಾಸ್ ಬಿಡುವ ಸೂಕ್ಷ್ಮಾಣು ಸೇರಿದೆ. ಎಳೆ ಎಳೆಯಾಗಿ ಲೋಳೆ ಬಂದರೆ ಹೆಪ್ಪು ಕೆಟ್ಟಿದೆ, ಪೂರ್ತಿ ಬಿಸಾಡಿ ಬೇರೆ ತನ್ನಿ. ಹಸಿರು ನೀರು ಮೇಲೆ ನಿಂತರೆ ಹೆಪ್ಪು ಹಾಕಿದಾಗ ಬಿಸಿ ಹೆಚ್ಚಾಗಿತ್ತು, ಇಲ್ಲವೇ ಕಟ್ಟುವಾಗ ಅಲ್ಲಾಡಿತ್ತು. ಎಲ್ಲ ಸರಿಯಿದ್ದೂ ಹಾಲು ಹಾಲಾಗಿಯೇ ಉಳಿದರೆ ಹಟ್ಟಿಯ ಕಡೆ ನೋಡಿ. ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಟ್ಟ ದನದ ಹಾಲು ಬೆರೆತಿದ್ದರೆ ಆ್ಯಂಟಿಬಯೋಟಿಕ್ ಹೆಪ್ಪಿನ ಸೂಕ್ಷ್ಮಾಣುವನ್ನೇ ಕೊಲ್ಲುತ್ತದೆ. ಅಂಥ ಹಾಲು ಯಾವುದಕ್ಕೂ ಬೇಡ. ಎಷ್ಟು ದಿನ ಬಿಡಬೇಕೆಂದು ಮದ್ದು ಕೊಟ್ಟ ಪಶುವೈದ್ಯರೇ ಹೇಳಬೇಕು.

ಮಳೆಗಾಲದಲ್ಲಿ ಪಾತ್ರೆ ಒಣಗಿಸಲು ಬಿಸಿಲಿಲ್ಲ. ತೊಳೆದ ಮೇಲೆ ಕುದಿಯುವ ನೀರು ಎರೆದು, ಒರೆಸದೆ, ಒಲೆಯ ಹತ್ತಿರ ಬೋರಲು ಹಾಕಿ. ಒರೆಸುವ ಬಟ್ಟೆಯೇ ಆ ದಿನಗಳಲ್ಲಿ ಹೆಚ್ಚು ಕೊಳಕು.

ತುಪ್ಪ

ಮಾರಾಟವಾಗದ ಮೊಸರನ್ನು ಫ್ರಿಜ್ಜಿನಲ್ಲಿ ಸೇರಿಸುತ್ತ ಬಂದು ಮೂರನೇ ದಿನ ಕಡೆಯುವುದು ಸರಿಯಾದ ಲೆಕ್ಕ. ದಿನಕ್ಕೆ 2.7 ಕೆಜಿಯಂತೆ ಎಂಟು ಕೆಜಿ ಆಗಿರುತ್ತದೆ, ಒಂದು ಸಲ ಕಡೆಯಲು ಹದವಾದ ಪ್ರಮಾಣ. ವಾರಗಟ್ಟಲೆ ಕೂಡಿಟ್ಟರೆ ಹುಳಿಯೂ ಕಹಿಯೂ ಬೆಣ್ಣೆಗೆ ಇಳಿದು, ತುಪ್ಪ ಎಷ್ಟು ಚೆನ್ನಾಗಿ ಕಾಯಿಸಿದರೂ ಗಂಟಲಲ್ಲಿ ಕೆರೆಯುತ್ತದೆ.

ಕರಾವಳಿಯಲ್ಲಿ ಬೆಣ್ಣೆ ಕಡಿಮೆ ಬರುವುದಕ್ಕೆ ಮುಖ್ಯ ಕಾರಣ ಸೆಕೆ. ಕೋಣೆಯೇ 32 ಡಿಗ್ರಿ ಇರುವಾಗ ಕೊಬ್ಬು ಮೆತ್ತಗಾಗಿ, ಕಾಳು ಕಟ್ಟದೆ, ಮಜ್ಜಿಗೆಯಲ್ಲೇ ಹರಡಿಬಿಡುತ್ತದೆ. ಮೊಸರು 18ರಿಂದ 20 ಡಿಗ್ರಿಯಲ್ಲಿದ್ದಾಗ ಕಡೆಯಬೇಕು. ಫ್ರಿಜ್ಜಿನಿಂದ ತೆಗೆದ ಕೂಡಲೇ ಕಡೆದರೆ ಅದು ವಿಪರೀತ ತಣ್ಣಗಿದ್ದು ಬೆಣ್ಣೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಬೆಳಗಿನ ಜಾವ ತೆಗೆದಿಟ್ಟು, ಥರ್ಮಾಮೀಟರ್ 18 ತೋರಿಸಿದಾಗ ಶುರುಮಾಡಿ. ಕೈಯ ಕಡೆಗೋಲಾದರೂ ಸರಿ, ಕರೆಂಟಿನದ್ದಾದರೂ ಸರಿ. ಸಾಸಿವೆಯಷ್ಟು ಕಾಳು ಕಾಣಿಸಿದಾಗ ಕುದಿಸಿ ಆರಿಸಿದ ತಣ್ಣೀರು, ಬೇಸಗೆಯಾದರೆ ಐಸ್ ಬೆರೆತದ್ದು, ಸ್ವಲ್ಪ ಸ್ವಲ್ಪ ಹಾಕುತ್ತ ನಿಧಾನ ಕಡೆಯಿರಿ. ಕಾಳು ಕಡಲೆಯಷ್ಟಾಗಿ ತೇಲಿದಾಗ ನಿಲ್ಲಿಸಿ. ಇನ್ನೂ ಕಡೆದರೆ ಬೆಣ್ಣೆ ಮುದ್ದೆಯಾಗಿ ಮಜ್ಜಿಗೆಯನ್ನು ಒಳಗೆ ಹಿಡಿದುಕೊಳ್ಳುತ್ತದೆ. ಮಜ್ಜಿಗೆಯ ಮೇಲೆ ಎಣ್ಣೆಯ ಹೊಳಪು ಉಳಿದಿದೆ ಎಂದರೆ ನಿಮ್ಮ ತುಪ್ಪ ಅದರಲ್ಲಿ ಹೋಗಿದೆ, ಮುಂದಿನ ಸಲ ಎರಡು ಡಿಗ್ರಿ ತಣ್ಣಗೆ ಕಡೆಯಿರಿ.

ಬೆಣ್ಣೆಯನ್ನು ಎರಡು ಸಲ ತಣ್ಣೀರಿನಲ್ಲಿ ತೊಳೆದು ಅಂದೇ ಕಾಯಿಸಿ. ಒಂದು ಕೆಜಿ ಮನೆಯ ಬೆಣ್ಣೆಗೆ 750ರಿಂದ 800 ಗ್ರಾಂ ತುಪ್ಪ. ಮೊದಲು ನೊರೆ, ಗುಳುಗುಳು ಸದ್ದು ಇರುತ್ತದೆ, ಅದು ನೀರು ಹೋಗುವ ಸದ್ದು. ಸದ್ದು ಅಡಗುತ್ತ ಬಂದಾಗ ಉರಿ ತೀರ ಸಣ್ಣ ಮಾಡಿ, ತಳ ಕೆರೆಯುತ್ತಿರಿ. ಗಸಿ ಹೊಂಬಣ್ಣಕ್ಕೆ ತಿರುಗಿ, ಎರಡನೇ ಸಲ ಸಣ್ಣ ನೊರೆ ಎದ್ದು, ತುಪ್ಪ ತಿಳಿಯಾಗಿ ತಳ ಕಂಡಾಗ ಇಳಿಸಿ. ಆಗ 110ರಿಂದ 115 ಡಿಗ್ರಿ ಇರುತ್ತದೆ. ಗಸಿ ಕಂದಿದರೆ ಸುಟ್ಟ ವಾಸನೆ. ಬಿಳಿಯಾಗಿದ್ದರೆ ಒಳಗೆ ನೀರು ಉಳಿದಿದೆ, ಅದು ಮಳೆಗಾಲದಲ್ಲಿ ಬೇಗ ಮುಗ್ಗಲು ಹಿಡಿಯುತ್ತದೆ. ಇಳಿಸುವ ಮುಂಚೆ ಒಂದು ವೀಳ್ಯದೆಲೆ ಹಾಕುವುದು ನಮ್ಮ ಕಡೆಯ ರೂಢಿ, ಅದು ಗರಿಗರಿಯಾದರೆ ನೀರು ಹೋಗಿದೆ ಎಂಬುದಕ್ಕೂ ಗುರುತು.

ಸೋಸಿದ ತುಪ್ಪವನ್ನು ಒಣಗಿದ ಗಾಜಿನ ಬಾಟಲಿಗೆ ಹಾಕಿ, ಪೂರ್ತಿ ಆರಿದ ಮೇಲೆಯೇ ಮುಚ್ಚಿ. ಬಿಸಿಯಿರುವಾಗ ಮುಚ್ಚಿದರೆ ಮುಚ್ಚಳದ ಹನಿ ಒಳಗೆ ಬೀಳುತ್ತದೆ. ದಾನೆ ದಾನೆ ತುಪ್ಪ ಬೇಕಾದರೆ ಫ್ರಿಜ್ಜಿಗೆ ಇಡದೆ ನಿಧಾನ ಆರಲು ಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ದನದ ತುಪ್ಪ ನಮ್ಮಲ್ಲಿ ನೀರಾಗಿಯೇ ಇರುತ್ತದೆ, ಘಟ್ಟದ ಮೇಲಿನ ಗಿರಾಕಿಗೆ ಇದನ್ನು ಮೊದಲೇ ಹೇಳಿ. ತುಪ್ಪಕ್ಕೆ ಅವಸರವಿಲ್ಲ ಎಂಬುದೇ ಅದರ ಒಳ್ಳೆಯ ಗುಣ. ಮಳೆಗಾಲದ ಹೆಚ್ಚುವರಿಯನ್ನು ಬಾಟಲಿಯಲ್ಲಿ ಇಟ್ಟು ಅಷ್ಟಮಿ, ಚೌತಿ, ನವರಾತ್ರಿ, ದೀಪಾವಳಿಗೆ ಮಾರಿದರೆ ಚೌಕಾಸಿ ಇರುವುದಿಲ್ಲ.

ಪನೀರ್

ಪನೀರ್ ಆರ್ಡರ್ ಇದ್ದರೆ ಮಾತ್ರ ಮಾಡಿ. 10 ಲೀಟರ್ ದನದ ಹಾಲಿಗೆ ಸಿಗುವುದು ಸುಮಾರು ಒಂದೂವರೆ ಕೆಜಿ. ಮನೆಗಳಿಗೆ ಕೆಜಿಗೆ 400ರಂತೆ ಕೊಟ್ಟರೆ 600 ಬಂದು, ಖರ್ಚು 50 ಕಳೆದು 550 ಉಳಿಯುತ್ತದೆ. ಹೋಟೆಲಿಗೆ 300ಕ್ಕೆ ಕೊಟ್ಟರೆ ಉಳಿಯುವುದು 400, ಡೈರಿಗಿಂತ ಕಡಿಮೆ. ಹೋಟೆಲಿನವರಿಗೆ ಕರಿದರೂ ಒಡೆಯದ ಗಟ್ಟಿ ಪನೀರ್ ಬೇಕು. ಅದು ಎಮ್ಮೆ ಹಾಲಿನದ್ದು. ನಮ್ಮದು ಮೃದು. ಮಣಿಪಾಲ, ಮಂಗಳೂರಿನ ಫ್ಲ್ಯಾಟುಗಳಲ್ಲಿ ಮಕ್ಕಳಿಗೆ ಮಾಡಿಕೊಡುವವರು ಅದನ್ನೇ ಇಷ್ಟಪಡುತ್ತಾರೆ. ಶನಿವಾರಕ್ಕೆ ಬೇಕಾದವರು ಗುರುವಾರ ಹೇಳಲಿ.

ಕೆನೆ ತೆಗೆದು ತುಪ್ಪ ಮಾಡಿ, ಉಳಿದ ಹಾಲಿನಲ್ಲಿ ಪನೀರ್ ಮಾಡುವ ಯೋಚನೆ ಹಲವರಿಗೆ ಬರುತ್ತದೆ. ಅದು ಆಗದು. ಪನೀರಿನ ನೀರು ಬಿಟ್ಟ ಅಂಶದಲ್ಲಿ ಕನಿಷ್ಠ ಅರ್ಧದಷ್ಟು ಹಾಲಿನ ಕೊಬ್ಬು ಇರಬೇಕು, ನೀರು 60 ಶೇಕಡಾ ಮೀರಬಾರದು ಎಂಬುದು ಎಫ್‌ಎಸ್‌ಎಸ್‌ಎಐ ನಿಯಮ. ಫ್ಯಾಟ್ 4 ಇರುವ ಪೂರ್ತಿ ಹಾಲಿನಲ್ಲೇ ಈ ಅರ್ಧ ಕಷ್ಟಪಟ್ಟು ಬರುತ್ತದೆ. 3.5ರ ಹಾಲು ಪನೀರಿಗೆ ಬೇಡ, ಮೊಸರಿಗೆ ಇರಲಿ. ಕೆನೆ ತೆಗೆದ ಹಾಲಿನದ್ದು ರಬ್ಬರಿನಂತೆಯೂ ಇರುತ್ತದೆ.

ಹಾಲನ್ನು 90 ಡಿಗ್ರಿಗೆ ಕಾಯಿಸಿ ಐದು ನಿಮಿಷ ಬಿಟ್ಟು, 80ಕ್ಕೆ ಇಳಿಸಿ. 10 ಲೀಟರಿಗೆ 20ರಿಂದ 25 ಗ್ರಾಂ ಸಿಟ್ರಿಕ್ ಆಸಿಡನ್ನು ಎರಡೂವರೆ ಲೀಟರ್ ನೀರಿನಲ್ಲಿ ಕರಗಿಸಿ, ಆ ನೀರನ್ನೂ 70-80 ಡಿಗ್ರಿಗೆ ಬಿಸಿ ಮಾಡಿಟ್ಟುಕೊಳ್ಳಿ. ಆಹಾರಕ್ಕೆ ಬಳಸುವ ದರ್ಜೆಯದ್ದೇ ಬೇಕು. ನಿಂಬೆಹಣ್ಣಿನ ಹುಳಿ ಒಂದೊಂದು ಹಣ್ಣಿಗೆ ಒಂದೊಂದು ರೀತಿ, ಹಾಗಾಗಿ ಪನೀರೂ ದಿನಕ್ಕೊಂದು ರೀತಿ ಆಗುತ್ತದೆ. ಹುಳಿನೀರನ್ನು ಸಣ್ಣ ಧಾರೆಯಾಗಿ ಎರೆಯುತ್ತ ಮೆಲ್ಲನೆ ಕದಡಿ. ಹಾಲು ಒಡೆದು, ಕೆಳಗಿನ ನೀರು ತಿಳಿ ಹಸಿರು ಹಳದಿಯಾದ ಕೂಡಲೇ ನಿಲ್ಲಿಸಿ, ಹುಳಿನೀರು ಉಳಿದರೂ ಚಿಂತೆಯಿಲ್ಲ. ನೀರು ಇನ್ನೂ ಬಿಳಿಯಾಗಿದ್ದರೆ ಹುಳಿ ಸಾಲದು, ಪನೀರ್ ಅದರ ಜೊತೆ ಹೋಗುತ್ತದೆ. ಹುಳಿ ಹೆಚ್ಚಾದರೆ ಪುಡಿಪುಡಿಯಾಗುತ್ತದೆ.

ಐದು ನಿಮಿಷ ಕದಡದೆ ಬಿಟ್ಟು, ಬಿಸಿಯಿರುವಾಗಲೇ ಕುದಿಸಿದ ತೆಳು ಬಿಳಿ ಬಟ್ಟೆಗೆ ಸುರಿಯಿರಿ. ತಣ್ಣಗಾದರೆ ಕಾಳುಗಳು ಒಂದಕ್ಕೊಂದು ಅಂಟುವುದಿಲ್ಲ. 15 ಸೆಂಟಿಮೀಟರ್ ಚೌಕದ, ತೂತುಗಳಿರುವ ಸ್ಟೀಲ್ ಅಚ್ಚಿಗೆ ಹಾಕಿ, ಮೇಲೆ ಒಂಬತ್ತು ಹತ್ತು ಕೆಜಿ ಭಾರವನ್ನು 15 ನಿಮಿಷ ಇಡಿ. ರಾತ್ರಿಯಿಡೀ ಭಾರ ಇಟ್ಟರೆ ತೂಕವೂ ಮೃದುತ್ವವೂ ಕಡಿಮೆಯಾಗುತ್ತದೆ. ತೆಗೆದ ಗಟ್ಟಿಯನ್ನು ಕುದಿಸಿ ಆರಿಸಿ ಐಸಿನಷ್ಟು ತಣ್ಣಗೆ ಮಾಡಿದ ನೀರಿನಲ್ಲಿ ಎರಡು ಗಂಟೆ ಮುಳುಗಿಸಿ, ನೀರು ಬಸಿದು ಕತ್ತರಿಸಿ ಪ್ಯಾಕ್ ಮಾಡಿ. ಬಾವಿಯ ಹಸಿ ನೀರು ಬಳಸಿದರೆ ಎರಡೇ ದಿನದಲ್ಲಿ ಮೇಲೆ ಜಾರುವ ಲೋಳೆ ಬರುತ್ತದೆ. ಸರಿಯಾಗಿ ಮಾಡಿದ್ದು ಫ್ರಿಜ್ಜಿನಲ್ಲಿ ಐದಾರು ದಿನ. ಉಳಿಯುವ ನೀರನ್ನು ಚಪಾತಿ ಕಲಸಲು ಬಳಸಬಹುದು, ಆರಿಸಿ ದನದ ಅಕ್ಕಚ್ಚಿಗೆ ಸ್ವಲ್ಪ ಸ್ವಲ್ಪ ಬೆರೆಸಬಹುದು.

ಮಾರುವ ಮೊದಲು

ಹಾಲನ್ನು ಪೂರ್ತಿ ಡೈರಿಗೆ ಹಾಕುವವರೆಗೆ ನಿಮಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕಿರಲಿಲ್ಲ. ಮೊಸರೋ ತುಪ್ಪವೋ ಮಾರಲು ಹೊರಟ ದಿನದಿಂದ ಬೇಕು. ಮನೆಯಲ್ಲಿ ಮಾಡುವಷ್ಟಕ್ಕೆ ಮೂಲ ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ. foscos.fssai.gov.in ತಾಣದಲ್ಲಿ ಫೋಟೊ, ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆ ಹಾಕಿ ನೀವೇ ಅರ್ಜಿ ಕೊಡಬಹುದು. ಅರ್ಜಿಯಲ್ಲಿ ಮೊಸರು, ತುಪ್ಪ, ಪನೀರ್ ಮೂರನ್ನೂ ಒಟ್ಟಿಗೇ ಬರೆಯಿರಿ, ನಂತರ ಸೇರಿಸುವುದು ಇನ್ನೊಂದು ಓಡಾಟ. ಡಬ್ಬಿಯ ಮೇಲೆ ಆ 14 ಅಂಕಿಯ ಸಂಖ್ಯೆ, ನಿಮ್ಮ ಹೆಸರು, ವಿಳಾಸ, ನಿವ್ವಳ ತೂಕ, ಬೆಲೆ, ಮಾಡಿದ ದಿನಾಂಕ, ಎಷ್ಟು ದಿನದ ಒಳಗೆ ಬಳಸಬೇಕು ಎಂಬುದು ಇರಲಿ.

ಗಿರಾಕಿಗಳನ್ನು ಹುಡುಕುವಾಗ ಮೊಸರಿನಿಂದಲೇ ಶುರುಮಾಡಿ. ತಂಬುಳಿ, ಮಜ್ಜಿಗೆ ಹುಳಿ ದಿನಾ ಆಗುವ ಮನೆಗಳಿಗೆ ಮೊಸರು ದಿನಾ ಬೇಕು. ಒಂದೇ ದಾರಿಯಲ್ಲಿರುವ ಹದಿನಾಲ್ಕು ಮನೆ ಸಿಕ್ಕಿದರೆ ಅರ್ಧ ಕೆಜಿಯಂತೆ ಆ 7 ಕೆಜಿ ಹೋಗುತ್ತದೆ. ಬೇರೆ ಬೇರೆ ದಿಕ್ಕಿನ ಗಿರಾಕಿಗಳಾದರೆ ದಿನದ 50 ರೂಪಾಯಿ ಬೈಕಿನ ಪೆಟ್ರೋಲಿಗೇ ಹೋಗುತ್ತದೆ. ಬೆಳಗ್ಗೆ ಡೈರಿಗೆ ಹಾಲು ಕೊಂಡೊಯ್ಯುವ ದಾರಿಯಲ್ಲೇ ಆ ಮನೆಗಳಿದ್ದರೆ ತಲುಪಿಸುವ ಖರ್ಚು ಬೇರೆ ಇಲ್ಲ. ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆಯೊಂದನ್ನು ಬೈಕಿಗೆ ಕಟ್ಟಿಕೊಂಡರೆ ಏಪ್ರಿಲ್ ಬಿಸಿಲಿನಲ್ಲೂ ಕೊನೆಯ ಮನೆಗೆ ಸಿಹಿ ಮೊಸರೇ ತಲುಪುತ್ತದೆ.